ಮಾದರಿಯನ್ನು ಮುಚ್ಚಿಟ್ಟು ಬರೆದ ಪರಿಚಯ

ಬೀದರಿನ ಹಳೆ ಊರಿನಲ್ಲಿ, ಚೌಬಾರಾದಿಂದ ಒಳಗೆ ಹೋಗುವ ಗಲ್ಲಿಯೊಂದರ ಮನೆಯಲ್ಲಿ ಅಂದು ಬಿದರಿ ಕೆಲಸಗಾರರ ಪರಿಚಯ ಬರೆಯುವ ಕೆಲಸ ನಡೆದಿತ್ತು. ಪ್ರದರ್ಶನವೊಂದರ ಕಿರುಹೊತ್ತಿಗೆಗೆ ಒಬ್ಬೊಬ್ಬರ ಬಗ್ಗೆ 80 ಪದ ಬೇಕಿತ್ತು, ಸಂಜೆ ಡಿಟಿಪಿಗೆ ಹೋಗಬೇಕಿತ್ತು. ಬರೆಯಲು ಕುಳಿತ ಕಾಲೇಜು ಹುಡುಗನ ತೊಡೆಯ ಮೇಲೆ ಹಿಂದಿನ ಯಾವುದೋ ಪ್ರದರ್ಶನದ ಹೊತ್ತಿಗೆ ತೆರೆದಿತ್ತು. ಪರಿಚಯ ಹೇಗಿರಬೇಕು ಎಂದು ತೋರಿಸಲು ಆಯೋಜಕರೇ ಕೊಟ್ಟದ್ದು. ಅದರಲ್ಲಿದ್ದ ಒಂದು ಸಾಲು ಹೀಗಿತ್ತು:

"ಪೂರ್ವಜರಿಂದ ಬಳುವಳಿಯಾಗಿ ಬಂದ ಬಿದರಿ ಕಲೆಯನ್ನು ಮೈಗೂಡಿಸಿಕೊಂಡ ಇವರು ಮೂರು ದಶಕಗಳಿಂದ ಕಲಾಸೇವೆಯಲ್ಲಿ ತೊಡಗಿದ್ದು, ತಮ್ಮ ಕೈಚಳಕದಿಂದ ಲೋಹಕ್ಕೆ ಜೀವ ತುಂಬುತ್ತಿದ್ದಾರೆ."

ಹುಡುಗ ಪ್ರಾಮಾಣಿಕ. ನಕಲು ಮಾಡಬಾರದೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಪದಗಳನ್ನು ಬದಲಿಸಿ ಬರೆದಿದ್ದ:

"ಹಿರಿಯರಿಂದ ಕೊಡುಗೆಯಾಗಿ ಬಂದ ಬಿದರಿ ಕಲೆಯನ್ನು ಕರಗತ ಮಾಡಿಕೊಂಡ ಇವರು ಎರಡು ದಶಕಗಳಿಂದ ಕಲಾರಾಧನೆಯಲ್ಲಿ ನಿರತರಾಗಿದ್ದು, ತಮ್ಮ ಹಸ್ತಕೌಶಲದಿಂದ ಲೋಹಕ್ಕೆ ಉಸಿರು ನೀಡುತ್ತಿದ್ದಾರೆ."

ಇದನ್ನು ಆ ಮನೆಯ ಹೆಣ್ಣುಮಗಳಿಗೆ ಓದಿ ಹೇಳಿದಾಗ ಆಕೆ ಕೈಯಲ್ಲಿದ್ದ ಉಳಿ ಕೆಳಗಿಟ್ಟು ತಲೆ ಅಲ್ಲಾಡಿಸಿದರು. "ಇದು ನಂದಲ್ಲರಿ. ನಮ್ಮ ಅಪ್ಪಂದು ಹೊಲದ ಕೆಲಸ. ನಮ್ಮ ಮನ್ಯಾಗ ಯಾರೂ ಬಿದರಿ ಮಾಡಿಲ್ಲ."

ಮಾದರಿ ನೋಡಿ ಬರೆಯುವಾಗ ಆಗುವ ಕೇಡೆಲ್ಲ ಈ ಒಂದು ಸಾಲಿನಲ್ಲಿದೆ. "ಬಳುವಳಿ" ಹೋಗಿ "ಕೊಡುಗೆ" ಬಂತು, ಆದರೆ ಬೇರೊಬ್ಬರ ಮನೆತನ ಆಕೆಯ ಪರಿಚಯದಲ್ಲಿ ಹಾಗೇ ಉಳಿಯಿತು. ಮಾದರಿಯಲ್ಲಿದ್ದ ವ್ಯಕ್ತಿಗೆ ಅಜ್ಜನಿಂದ ವಿದ್ಯೆ ಬಂದಿತ್ತು, ಅದು ಅವರ ನಿಜ. ಆ ಮಾತನ್ನು ಎರವಲು ತಂದ ಕೂಡಲೇ ಇಲ್ಲಿ ಅದು ಸುಳ್ಳಾಗುತ್ತದೆ. ನಕಲು ಮಾತು ಸೊಗಸನ್ನಷ್ಟೇ ಹೊತ್ತು ತರುವುದಿಲ್ಲ, ಒಂದು ಸಂಗತಿಯನ್ನೂ ಹೊತ್ತು ತರುತ್ತದೆ. ಬರೆಯುವವರ ಗಮನವೆಲ್ಲ ಪದದ ಮೇಲಿರುವುದರಿಂದ ಆ ಸಂಗತಿ ಕಣ್ಣಿಗೆ ಬೀಳುವುದಿಲ್ಲ.

ಎರಡು ಸಾಲನ್ನೂ ಒಂದರ ಕೆಳಗೊಂದು ಬರೆದುಕೊಂಡು ನೋಡಿದರೆ ಇನ್ನೊಂದು ತೊಂದರೆ ಕಾಣುತ್ತದೆ. ಯಾರಿಂದ ಬಂತು, ಹೇಗೆ ಬಂತು, ಕಲೆಯನ್ನು ಏನು ಮಾಡಿಕೊಂಡರು, "ಇವರು", ಎಷ್ಟು ದಶಕ, ಎಲ್ಲಿ ತೊಡಗಿದ್ದು, ಯಾವುದರಿಂದ ಲೋಹಕ್ಕೆ ಏನು ಕೊಟ್ಟರು: ಎರಡರಲ್ಲೂ ಇದೇ ಕ್ರಮ. ಪದಗಳು ಬೇರೆಯಾದರೂ ವಾಕ್ಯದ ಎಲುಬುಗೂಡು ಒಂದೇ. ಕನ್ನಡದಲ್ಲಿ ಇದನ್ನು ಹಿಡಿಯುವ ಸುಲಭದ ಜಾಗ ಎರಡಿವೆ. ಒಂದು, "ಇವರು" ಪದದ ಹಿಂದೆ ಏನೆಲ್ಲ ನೇತುಹಾಕಲಾಗಿದೆ ಎಂಬುದು. "ಮೈಗೂಡಿಸಿಕೊಂಡ ಇವರು", "ಕರಗತ ಮಾಡಿಕೊಂಡ ಇವರು" ಎಂದು ವಿವರವೆಲ್ಲ ಮುಂಚೆಯೇ ಬಂದು ವ್ಯಕ್ತಿ ಆಮೇಲೆ ಬರುವ ಈ ಕಟ್ಟು ನಮ್ಮ ಸ್ಮರಣ ಸಂಚಿಕೆಗಳ ತುಂಬ ಇದೆ. ಇನ್ನೊಂದು, ವಾಕ್ಯದ ಕೊನೆಯ ಕ್ರಿಯಾಪದ. ಮಾದರಿಯ ಸಾಲುಗಳು ಯಾವ ಕ್ರಿಯಾಪದದಲ್ಲಿ ಮುಗಿದಿವೆಯೋ ಅದೇ ಸಾಲಾಗಿ ನಿಮ್ಮ ಬರಹವೂ ಮುಗಿದರೆ, ಒಳಗಿನ ಪದ ಎಷ್ಟೇ ಬದಲಿಸಿದ್ದರೂ ಅದು ಮಾದರಿಯದೇ ಬರಹ.

ಹಾಗೆಂದು ಮಾದರಿ ಬೇಡವೆಂದಲ್ಲ. 80 ಪದದಲ್ಲಿ ಏನು ಹಿಡಿಸುತ್ತದೆ, ಯಾವುದು ಮೊದಲು ಬಂದರೆ ಓದುಗರಿಗೆ ಅನುಕೂಲ ಎಂಬುದನ್ನು ಮಾದರಿಯೇ ಕಲಿಸಬೇಕು. ಅದರಿಂದ ತೆಗೆದುಕೊಳ್ಳಬೇಕಾದದ್ದು ಪ್ರಶ್ನೆಗಳನ್ನು. ಹುಡುಗನಿಗೆ ನಾವು ಮಾಡಲು ಹೇಳಿದ್ದೂ ಅದನ್ನೇ. ಹೊತ್ತಿಗೆಯ ಒಂದೊಂದು ವಾಕ್ಯ ಓದಿ, ಅದು ಯಾವ ಪ್ರಶ್ನೆಗೆ ಉತ್ತರ ಎಂದು ಪಕ್ಕದ ಹಾಳೆಯಲ್ಲಿ ಬರೆಯುತ್ತಾ ಹೋಗು, ವಾಕ್ಯದ ಒಂದು ಪದವನ್ನೂ ಇಳಿಸಿಕೊಳ್ಳಬೇಡ ಎಂದು. "ಪೂರ್ವಜರಿಂದ ಬಳುವಳಿಯಾಗಿ ಬಂದ" ಎಂಬುದು "ಯಾರ ಹತ್ತಿರ ಕಲಿತಿರಿ?" ಆಯಿತು. "ಮೂರು ದಶಕಗಳಿಂದ" ಎಂಬುದು "ಯಾವಾಗ ಶುರು ಮಾಡಿದಿರಿ?" ಆಯಿತು. "ಲೋಹಕ್ಕೆ ಜೀವ ತುಂಬುತ್ತಿದ್ದಾರೆ" ಎಂಬುದಕ್ಕೆ ಯಾವ ಪ್ರಶ್ನೆಯೂ ಹೊಳೆಯಲಿಲ್ಲ. ಪ್ರಶ್ನೆ ಹೊಳೆಯದ ವಾಕ್ಯದಲ್ಲಿ ಸಂಗತಿ ಇಲ್ಲವೆಂದೇ ಅರ್ಥ. ಅಂಥ ಸಾಲಿಗೆ ಬದಲಿ ಪದ ಹುಡುಕುವುದು ವ್ಯರ್ಥ, ಬಿಟ್ಟುಬಿಡುವುದು ಸರಿ. ಆ ಜಾಗಕ್ಕೆ ಹಾಳೆಯಲ್ಲಿ ಬೇರೆಯೇ ಪ್ರಶ್ನೆ ಬರೆಸಿದೆವು: "ಇದರಲ್ಲಿ ನಿಮ್ಮ ಕೈಯಿಂದ ಆಗುವ ಕೆಲಸ ಯಾವುದು?"

ಮಾದರಿಯನ್ನು ಒಂದೇ ಇಟ್ಟುಕೊಳ್ಳಬಾರದು. ಅದೂ ಅದೇ ಕಸುಬಿನವರದ್ದಂತೂ ಬೇಡ. ಬಿದರಿಯವರ ಪರಿಚಯಕ್ಕೆ ಬಿದರಿಯವರದ್ದೇ ಮಾದರಿ ಇಟ್ಟರೆ ಮಾತು ಜಾರಿ ಬಂದೇ ಬರುತ್ತದೆ. ಒಬ್ಬ ನೇಕಾರರದು, ಒಬ್ಬ ವೈದ್ಯರದು, ಒಬ್ಬ ಹಾಡುಗಾರರದು ಎಂದು ಮೂರು ಇದ್ದರೆ ಮೂರಕ್ಕೂ ಸಮಾನವಾದ ಪ್ರಶ್ನೆ ಮಾತ್ರ ಕೈಗೆ ಉಳಿಯುತ್ತದೆ.

ಪ್ರಶ್ನೆಯ ಹಾಳೆ ಆದ ಮೇಲೆ ಹೊತ್ತಿಗೆಯನ್ನು ಚೀಲಕ್ಕೆ ಹಾಕಿಸಿದೆವು. ಮುಚ್ಚಿ ಪಕ್ಕದಲ್ಲಿಟ್ಟರೆ ಸಾಲದು, ಪದ ಸಿಗದಾಗ ಕೈ ತಾನಾಗಿ ಅತ್ತ ಹೋಗುತ್ತದೆ. ಆಮೇಲೆ ಹುಡುಗ ಕೇಳಿದ, ಆಕೆ ಹೇಳಿದರು, ಹೇಳಿದ್ದನ್ನು ಹೇಳಿದ ಹಾಗೆಯೇ ಅವನು ಬರೆದುಕೊಂಡ.

"ಅಕ್ಕಾರ, ಇದು ಪೂರಾ ನೀವೇ ಮಾಡ್ತೀರೇನ್ರಿ?"

"ಇಲ್ಲಪ್ಪ. ಎರಕ ನಾ ಹೊಯ್ಯಲ್ಲ. ಕಪ್ಪು ಮಾಡೋರೂ ಬ್ಯಾರೆ ಹರ. ತಂತಿ ಕೂಡಿಸೋದು ಅಷ್ಟೇ ನಂದು."

"ಮತ್ತ ಯಾರ ಹತ್ರ ಕಲ್ತ್ರಿ?"

"ಲಗ್ನ ಆಗಿ ಇಲ್ಲಿಗಿ ಬಂದ ಮ್ಯಾಲ ಬಾಜು ಮನಿ ಅಕ್ಕಾರ ಹತ್ರ. ಅವರು ಓಲಿ ಮ್ಯಾಲ ಬಳ್ಳಿ ತೆಗೀತಿದ್ರು. ತಂತಿ ನಡು ಕಡದ್ರ ಜೋಡು ಕಾಣ್ತದ ಅಂತ ಬೈತಿದ್ರು. ಅದಕ್ಕ ನಾ ಈಗೂ ಒಂದು ಬಳ್ಳಿ ಒಂದೇ ತಂತಿಯಾಗ ಮುಗಸ್ತೀನಿ."

ಬಿದರಿ ಕೆಲಸ ಬಲ್ಲವರಿಗೆ ಈ ಉತ್ತರದ ಬೆಲೆ ಗೊತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ, ಚಿತ್ರ ಬರೆಯಲು ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಉಳಿಯಿಂದ ಗೀರು ಕೊರೆದು ಬೆಳ್ಳಿ ಕೂಡಿಸುತ್ತಾರೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದಾಗ ಮೈ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಇಷ್ಟರಲ್ಲಿ ಒಬ್ಬರು ಎಲ್ಲಿ ಕುಳಿತಿದ್ದಾರೆ ಎಂದು ಹೇಳಿದರೆ ಅದು ಆ ಒಬ್ಬರ ಪರಿಚಯವಾಗುತ್ತದೆ. "ಬಿದರಿ ಕಲಾವಿದೆ" ಎಂದು ಬಿಟ್ಟರೆ ಗಲ್ಲಿಯ ಎಲ್ಲರ ಪರಿಚಯವೂ ಆಗಬಹುದು, ಯಾರದೂ ಆಗದಿರಬಹುದು.

ಟಿಪ್ಪಣಿಯ ಹಾಳೆಯನ್ನಷ್ಟೇ ಮುಂದಿಟ್ಟುಕೊಂಡು ಹುಡುಗ ಬರೆದ ಪರಿಚಯದ ಮೊದಲ ಭಾಗ ಹೀಗೆ ಬಂತು:

"ಬಿದರಿ ಓಲೆಗಳ ಮೇಲೆ ಬೆಳ್ಳಿ ತಂತಿ ಕೂಡಿಸುವುದು ಇವರ ಕೆಲಸ. ಎರಕ ಹೊಯ್ಯುವವರು ಬೇರೆ, ಕಪ್ಪು ಏರಿಸುವವರು ಬೇರೆ. ತವರಿನಲ್ಲಿ ಕಂಡದ್ದು ಹೊಲದ ಕೆಲಸ. ಮದುವೆಯಾಗಿ ಬೀದರಿಗೆ ಬಂದ ಮೇಲೆ ಪಕ್ಕದ ಮನೆಯವರಿಂದ ಉಳಿ ಹಿಡಿಯಲು ಕಲಿತರು. ನಡುವೆ ಜೋಡಣೆ ಕಾಣಬಾರದೆಂದು ಒಂದು ಬಳ್ಳಿಯನ್ನು ಒಂದೇ ತಂತಿಯಲ್ಲಿ ಮುಗಿಸುತ್ತಾರೆ."

ಮಾದರಿಯ ಸಾಲಿಗೂ ಇದಕ್ಕೂ ಹೋಲಿಕೆ ಉಳಿದಿಲ್ಲ. ಹೋಲಿಕೆ ತಪ್ಪಿಸಬೇಕೆಂದು ಯಾರೂ ತಿಣುಕಲಿಲ್ಲ, ಉತ್ತರವೇ ಬೇರೆಯಾದ್ದರಿಂದ ವಾಕ್ಯವೂ ಬೇರೆಯಾಯಿತು.

ಇದರ ಆಚೆಗೆ ಹೋಗಿ ಎಲ್ಲವನ್ನೂ ಬದಲಿಸುವ ಉತ್ಸಾಹವೂ ಒಳ್ಳೆಯದಲ್ಲ. ಮುಂದಿನ ಮನೆಯವರ ಪರಿಚಯದಲ್ಲಿ ಹುಡುಗ "ತಾರಕಶಿ" ಎಂಬುದನ್ನು "ಬೆಳ್ಳಿ ಚಿತ್ತಾರ" ಎಂದು ಮಾಡಿದ್ದ, ಮಾದರಿಯಲ್ಲಿ ಆ ಪದ ಇತ್ತೆಂಬ ಒಂದೇ ಕಾರಣಕ್ಕೆ. ತಾರಕಶಿ ಎಂದರೆ ತಂತಿಯ ಕೆಲಸ. ಬೆಳ್ಳಿಯ ತಗಡು ಕೂಡಿಸುವುದು ಬೇರೆ ಕೆಲಸ. "ಚಿತ್ತಾರ" ಎಂದರೆ ಎರಡೂ ಕಲಸಿಹೋಗುತ್ತವೆ. ಕಸುಬಿನ ಪದ, ಪ್ರಶಸ್ತಿಯ ಹೆಸರು, ಇಸವಿ, ಊರು ಇವು ಯಾರ ಸ್ವತ್ತೂ ಅಲ್ಲ. ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು, ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು ಎಂದು ಹತ್ತು ಕಡೆ ಬರೆದಿದ್ದರೂ ನೀವೂ ಬರೆಯಬಹುದು. 1957ರ ಕೃತಿಸ್ವಾಮ್ಯ ಕಾಯ್ದೆ ಕಾಯುವುದು ಒಬ್ಬರು ಹೇಳಿದ ರೀತಿಯನ್ನು, ಸಂಗತಿಯನ್ನಲ್ಲ.

ಕೊನೆಯ ತಪಾಸಣೆಗೆ ಹೊತ್ತಿಗೆಯನ್ನು ಚೀಲದಿಂದ ತೆಗೆದೆವು. ಇಂಗ್ಲಿಷಿನಲ್ಲಿ ಒಟ್ಟಿಗೆ ಐದಾರು ಪದ ಹೊಂದಿದರೆ ಅನುಮಾನಿಸುವ ರೂಢಿ ಇದೆ. ಕನ್ನಡದಲ್ಲಿ ಅಷ್ಟು ಕಾಯಬಾರದು. ನಮ್ಮ ಒಂದೊಂದು ಪದವೂ ಪ್ರತ್ಯಯ ಕೂಡಿಸಿಕೊಂಡು ಎರಡು ಮೂರು ಪದದಷ್ಟು ಹೊರುವುದರಿಂದ, ಒಟ್ಟಿಗೆ ಮೂರು ಪದ ಹೊಂದಿದರೇ ನಿಂತು ನೋಡುವುದು ಒಳ್ಳೆಯದು. ಹೊಂದಿದ್ದು ಹೆಸರೋ ಕಸುಬಿನ ಪದವೋ ಆಗಿದ್ದರೆ ಬಿಡಿ. ಬಣ್ಣನೆಯಾಗಿದ್ದರೆ ಹಾಳೆಯ ಪ್ರಶ್ನೆಗೆ ಮರಳಿ ಹೋಗಿ, ಉತ್ತರ ಇನ್ನೊಮ್ಮೆ ಕೇಳಿ.

ಉದ್ಧರಣ ಚಿಹ್ನೆಯೊಳಗೆ ಸಾಲು ಹಾಕಿ ಅಂತರ್ಜಾಲದಲ್ಲಿ ಹುಡುಕುವುದು ಉಪಯೋಗಕ್ಕೆ ಬರುತ್ತದೆ, ಆದರೆ ಏನೂ ಸಿಗಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. "ಮೈಗೂಡಿಸಿಕೊಂಡ" ಎಂದು ಹುಡುಕಿದರೆ "ಮೈಗೂಡಿಸಿಕೊಂಡಿರುವ" ತಪ್ಪಿಸಿಕೊಳ್ಳಬಹುದು, ಆದ್ದರಿಂದ ಎರಡು ಮೂರು ರೂಪ ಹಾಕಿ ನೋಡಬೇಕು. ಇದಕ್ಕಿಂತ ದೊಡ್ಡ ತೊಡಕು ಹಳೆಯ ಕಡತಗಳದು. ನಮ್ಮ ಭಾಗದ ಎಷ್ಟೋ ಸ್ಮರಣ ಸಂಚಿಕೆ, ಆಮಂತ್ರಣ, ಕರಪತ್ರಗಳು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಆದವು. ಅವುಗಳ ಪಿಡಿಎಫ್ ತೆರೆದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಅದರ ಸಾಲನ್ನು ಕಾಪಿ ಮಾಡಿ ಬೇರೆಡೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ ಸಾಲು ಅಂಥ ಕಡತದೊಳಗಿನ ಅದೇ ಸಾಲನ್ನು ಹುಡುಕಲಾರದು. ಹಾಗಾಗಿ ಮಾದರಿಯಾಗಿ ಬಳಸಿದ ಹೊತ್ತಿಗೆಯನ್ನು ಕಣ್ಣಿಂದ ಓದಿಯೇ ಹೋಲಿಸಬೇಕು.

ಎಲ್ಲರ ಪರಿಚಯಗಳನ್ನೂ ಒಂದೇ ಕಡತದಲ್ಲಿ ಸೇರಿಸಿ ಮುದ್ರಿಸಿ, ಪ್ರತಿ ವಾಕ್ಯದ ಕೊನೆಯ ಪದಕ್ಕಷ್ಟೇ ಗೆರೆ ಎಳೆದು ನೋಡುವುದೂ ಬೇಕು. ಹೊರಗಿನ ಮಾದರಿಯಿಂದ ಬಿಡಿಸಿಕೊಂಡವರು ತಾವು ಬರೆದ ಮೊದಲನೆಯ ಪರಿಚಯವನ್ನೇ ಮಾದರಿ ಮಾಡಿಕೊಂಡುಬಿಡುತ್ತಾರೆ. ಅಂದೂ ಅದಾಗಿತ್ತು. ಓಲೆಯವರ ಪರಿಚಯ ಚೆನ್ನಾಗಿ ಬಂತೆಂದು ಮುಂದಿನವುಗಳ ಮೊದಲ ವಾಕ್ಯಗಳೆಲ್ಲ "ಇವರ ಕೆಲಸ" ಎಂದೇ ಮುಗಿದಿದ್ದವು. ಎರಕದವರ ಟಿಪ್ಪಣಿಯಲ್ಲಿ ಮರಳಿನ ಅಚ್ಚಿನ ಮಾತು ಮೊದಲು ಬಂದಿತ್ತು, ತಿದ್ದಿ ಬರೆದಾಗ ಅವರ ಪರಿಚಯ ಅಲ್ಲಿಂದ ಶುರುವಾಯಿತು. ಮಣ್ಣು ಹದ ಮಾಡುವ ಹಿರಿಯರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುವುದನ್ನು ತೋರಿಸಿದ್ದರು, ಅವರದು ಆ ಮಾತಿನಿಂದಲೇ ಶುರುವಾಯಿತು.

ಡಿಟಿಪಿಯವರಿಗೆ ಕಡತದ ಜೊತೆ ಪ್ರಶ್ನೆಯ ಹಾಳೆಯನ್ನೂ ಕಳಿಸಿದೆವು. ಮುಂದಿನ ಪ್ರದರ್ಶನದವರು ಮಾದರಿ ಕೇಳಿಕೊಂಡು ಬಂದೇ ಬರುತ್ತಾರೆ. ಆಗ ಅಚ್ಚಾದ ಪರಿಚಯದ ಬದಲು ಆ ಹಾಳೆಯನ್ನು ಕೊಡಿ ಎಂದು ಅದರ ಮೇಲೆಯೇ ಬರೆದಿದ್ದೇವೆ.