ಚದರಡಿಗೆ ಐದು ರೂಪಾಯಿ

ಸೋಮವಾರಪೇಟೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮೈಸೂರಿನಲ್ಲಿ ಕೊಂಡ ಫ್ಲ್ಯಾಟಿನ ಫೈಲನ್ನು ಮೇಜಿನ ಮೇಲಿಟ್ಟಾಗ 2025ರ ಜನವರಿ. ಹೊರಗೆ ಕಣದಲ್ಲಿ ಅರೇಬಿಕಾ ಒಣಗುತ್ತಿತ್ತು, ಮನೆಯವರ ಗಮನವೆಲ್ಲ ಅಲ್ಲೇ. ಮೇಷ್ಟ್ರ ಪ್ರಶ್ನೆ ಒಂದೇ: “ಒಂದೂವರೆ ವರ್ಷ ತಡ ಮಾಡಿದ್ದಾರೆ. ಕರಾರಲ್ಲಿ ಚದರಡಿಗೆ ತಿಂಗಳಿಗೆ ಐದು ರೂಪಾಯಿ ಅಂತ ಬರೆದಿದೆ. ಅದನ್ನಾದರೂ ವಸೂಲು ಮಾಡಿಸಿ ಕೊಡಿ ಮಾರಾಯ್ರೇ.”

ಅವರು ಕೇಳುತ್ತಿದ್ದದ್ದು ಸಿಗಬೇಕಾದ ಮೊತ್ತದ ಎಂಟನೇ ಒಂದು ಭಾಗಕ್ಕಿಂತ ಕೊಂಚವಷ್ಟೇ ಹೆಚ್ಚು. ಇಡೀ ದಿನದ ಕೆಲಸ ಅದನ್ನು ಬಿಡಿಸಿ ಹೇಳುವುದರಲ್ಲೇ ಹೋಯಿತು.

ಫೈಲಿನಲ್ಲಿದ್ದ ಸಂಗತಿ ಇಷ್ಟು. ಸೇಲ್ ಅಗ್ರಿಮೆಂಟ್ 2020ರ ಅಕ್ಟೋಬರಿನದು. ಸೂಪರ್ ಬಿಲ್ಟ್‌ಅಪ್ 1200 ಚದರಡಿ. ಫ್ಲ್ಯಾಟ್ ಕೊಡಬೇಕಾದ ದಿನ 31 ಡಿಸೆಂಬರ್ 2022, ಅದರ ಮೇಲೆ ಆರು ತಿಂಗಳ ಗ್ರೇಸ್. ಅಂದರೆ 30 ಜೂನ್ 2023ಕ್ಕೆ ಗಡುವು ಪೂರ್ತಿ. ಆ ಹೊತ್ತಿಗೆ ಮೇಷ್ಟ್ರು ಮತ್ತು ಬ್ಯಾಂಕು ಸೇರಿ ಕಟ್ಟಿದ್ದು 48 ಲಕ್ಷ. 2024ರ ಜನವರಿ 1ಕ್ಕೆ ಇನ್ನೊಂದು 6 ಲಕ್ಷ. ಕೈಗೆ ಫ್ಲ್ಯಾಟ್ ಬಂದದ್ದು 2024ರ ಡಿಸೆಂಬರ್ 31ಕ್ಕೆ. ತಡ, ಸರಿಯಾಗಿ 18 ತಿಂಗಳು.

ಇಂಥ ಫೈಲು ಬಂದರೆ ಮೊದಲು ಓದಬೇಕಾದದ್ದು ಸ್ವಾಧೀನದ ಷರತ್ತನ್ನು. ಅದರ ನಂಬರು ಒಂದೊಂದು ಅಗ್ರಿಮೆಂಟಿನಲ್ಲಿ ಒಂದೊಂದು ಇರುತ್ತದೆ, ಹಾಗಾಗಿ ನಂಬರಿಗಿಂತ ತಲೆಬರಹ ನೋಡಿ ಹುಡುಕುವುದು ವಾಸಿ. ಅದರಲ್ಲಿ ಎರಡು ವಿಷಯ ಖಚಿತವಾಗಬೇಕು. ತಾರೀಖು ನೇರವಾಗಿ ಬರೆದಿದೆಯೋ, ಇಲ್ಲ ‘ಪ್ಲಾನ್ ಮಂಜೂರಾದ ದಿನದಿಂದ ಇಷ್ಟು ತಿಂಗಳು’ ಎಂದಿದೆಯೋ ಎನ್ನುವುದು ಒಂದು. ಎರಡನೇ ಥರದ್ದಾದರೆ ಆ ಮಂಜೂರಾತಿ ಪತ್ರದ ಪ್ರತಿಯೂ ಬೇಕು, ಇಲ್ಲದಿದ್ದರೆ ಎಣಿಕೆ ಎಲ್ಲಿಂದ ಶುರು ಎನ್ನುವುದರ ಮೇಲೆಯೇ ವಾದ ನಿಲ್ಲುತ್ತದೆ. ಇನ್ನೊಂದು ಗ್ರೇಸ್. ಆರು ತಿಂಗಳು ತಾನಾಗಿ ಸೇರುತ್ತದೆಯೋ, ಕಾರಣ ತೋರಿಸಿದರೆ ಮಾತ್ರವೋ? ಕಾರಣ ಬೇಕು ಎಂದಿದ್ದು ಬಿಲ್ಡರ್ ಒಂದು ಕಾಗದವನ್ನೂ ಬರೆದಿಲ್ಲವಾದರೆ 2023ರ ಜನವರಿಯಿಂದಲೇ ಬಡ್ಡಿ ಕೇಳಬಹುದಿತ್ತು. ಮೇಷ್ಟ್ರ ಕರಾರಿನಲ್ಲಿ ಗ್ರೇಸನ್ನು ಯಾವ ಷರತ್ತೂ ಇಲ್ಲದೆ ಕೊಟ್ಟುಬಿಟ್ಟಿದ್ದರು. ಹಾಗಾಗಿ ಜುಲೈ 1ರಿಂದಲೇ ಲೆಕ್ಕ. ದುರಾಸೆಗೆ ಹೋಗಿ ಆರು ತಿಂಗಳು ಹೆಚ್ಚಿಗೆ ಹಾಕಿದರೆ ಮೊದಲ ವಿಚಾರಣೆಯಲ್ಲೇ ಅರ್ಜಿಯ ತೂಕ ಇಳಿಯುತ್ತದೆ.

ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾದ ಜಾಲತಾಣದಲ್ಲಿ ಈ ಯೋಜನೆಯ ಮುಕ್ತಾಯ ದಿನಾಂಕ ಮುಂದಕ್ಕೆ ಹೋಗಿರುವುದನ್ನು ತೋರಿಸಿ ಬಿಲ್ಡರ್ ಕಡೆಯವರು, “ನೋಡಿ, ನಮಗೆ ಕಾಲಾವಕಾಶ ಸಿಕ್ಕಿದೆ” ಎಂದಿದ್ದರಂತೆ. ಅದು ಬಿಲ್ಡರಿಗೂ ಪ್ರಾಧಿಕಾರಕ್ಕೂ ನಡುವಿನ ನೋಂದಣಿಯ ಮಾತು. ತಡಕ್ಕೆ ಬಡ್ಡಿ ಕೊಡಿಸುವ ರೇರಾ ಕಾಯ್ದೆಯ 18ನೇ ಕಲಂ ನೋಡುವುದು ಕೊಂಡವರ ಜೊತೆ ಮಾಡಿಕೊಂಡ ಕರಾರಿನ ದಿನಾಂಕವನ್ನು. ನೋಂದಣಿ ವಿಸ್ತರಿಸಿದ ಮಾತ್ರಕ್ಕೆ ಮೇಷ್ಟ್ರು ಸಹಿ ಹಾಕಿದ ಪುಟದ ತಾರೀಖು ಬದಲಾಗುವುದಿಲ್ಲ.

ಇನ್ನು ಆ ಐದು ರೂಪಾಯಿ. 1200 ಚದರಡಿಗೆ ತಿಂಗಳಿಗೆ 6000, ಹದಿನೆಂಟು ತಿಂಗಳಿಗೆ 1,08,000. ದೊಡ್ಡದಾಗಿಯೇ ಕಾಣುತ್ತದೆ. ಆದರೆ 48 ಲಕ್ಷದ ಮೇಲೆ ವರ್ಷಕ್ಕೆ 72,000 ಎಂದರೆ ಶೇಕಡಾ ಒಂದೂವರೆ. ಅದೇ ಅಗ್ರಿಮೆಂಟಿನ ಎರಡು ಪುಟ ಹಿಂದೆ, ಕೊಂಡವರು ಕಂತು ತಡ ಮಾಡಿದರೆ ಶೇಕಡಾ 18 ಎಂದಿದೆ. ಎರಡೂ ಪುಟಗಳ ಕೆಳಗೆ ಮೇಷ್ಟ್ರದೇ ದುಂಡನೆಯ ಸಹಿ. “ಸಹಿ ಹಾಕಿದ್ದೇನಲ್ಲ, ಇನ್ನೇನು ಮಾಡೋದು?” ಎಂದು ಅವರು ಕೈಚೆಲ್ಲಿ ಕೂತಿದ್ದರು.

ಸಹಿ ಹಾಕಿದ್ದರೂ ಪರವಾಗಿಲ್ಲ ಎನ್ನುವುದಕ್ಕೆ ಗಟ್ಟಿ ಆಧಾರಗಳಿವೆ. ರೇರಾ ಕಾಯ್ದೆಯ ಎರಡನೇ ಕಲಮಿನಲ್ಲಿ ಬಡ್ಡಿಯ ವ್ಯಾಖ್ಯೆ ಇದೆ: ಕೊಂಡವರು ತಪ್ಪಿದಾಗ ಬಿಲ್ಡರ್ ಹಾಕುವ ದರವೂ ಬಿಲ್ಡರ್ ತಪ್ಪಿದಾಗ ಕೊಡಬೇಕಾದ ದರವೂ ಸಮನಾಗಿರಬೇಕು. ದರ ಎಷ್ಟು ಎನ್ನುವುದನ್ನು ಕರ್ನಾಟಕದ 2017ರ ನಿಯಮಗಳು ಹೇಳುತ್ತವೆ: ಸ್ಟೇಟ್ ಬ್ಯಾಂಕು ಸಾಲಕ್ಕೆ ಆಧಾರವಾಗಿಡುವ ಎಂಸಿಎಲ್‌ಆರ್ ಬಡ್ಡಿದರಗಳ ಪೈಕಿ ಅತಿ ಹೆಚ್ಚಿನದು, ಅದರ ಮೇಲೆ ಶೇಕಡಾ 2. ಸುಪ್ರೀಂ ಕೋರ್ಟ್ ಕೂಡ 2019ರ ಪಯೋನೀರ್ ಪ್ರಕರಣದಲ್ಲಿ ಇಂಥ ಏಕಪಕ್ಷೀಯ ಷರತ್ತುಗಳು ಕೊಂಡವರನ್ನು ಕಟ್ಟಿಹಾಕಲಾರವು ಎಂದಿದೆ. 2020ರ ಆಗಸ್ಟಿನ ಆರಿಫುರ್ ರಹಮಾನ್ ಖಾನ್ ತೀರ್ಪು ಇನ್ನೂ ಹತ್ತಿರದ್ದು. ಅದು ಬೆಂಗಳೂರಿನ ಫ್ಲ್ಯಾಟುಗಳದೇ ವಿಚಾರ, ಅಲ್ಲಿಯೂ ಚದರಡಿಗೆ ಐದೇ ರೂಪಾಯಿ. ಕೊಂಡವರು ಆ ಐದು ರೂಪಾಯಿಗೇ ತೃಪ್ತರಾಗಬೇಕಿಲ್ಲ ಎಂದ ನ್ಯಾಯಾಲಯ ವರ್ಷಕ್ಕೆ ಶೇಕಡಾ 6ರಂತೆ ಪರಿಹಾರ ಕೊಡಿಸಿತು. ಅದು ಗ್ರಾಹಕ ಕಾನೂನಿನಡಿ ಬಂದ ಪ್ರಕರಣ. ರೇರಾದಲ್ಲಿ ದರ ನಿಯಮದಲ್ಲೇ ಇರುವುದರಿಂದ ಅಷ್ಟು ಚೌಕಾಸಿ ಇಲ್ಲ.

ಆದ್ದರಿಂದ ಅರ್ಜಿ ಬರೆಯುವ ರೀತಿ ಹೀಗೆ: ಸ್ವಾಧೀನದ ಷರತ್ತನ್ನು ಉಲ್ಲೇಖಿಸುವುದು ಗಡುವು ತಪ್ಪಿದ್ದನ್ನು ತೋರಿಸಲು. ಪರಿಹಾರದ ಷರತ್ತನ್ನು ಉಲ್ಲೇಖಿಸುವುದು ಅದು ಎಷ್ಟು ಏಕಪಕ್ಷೀಯ ಎಂದು ಶೇಕಡಾ 18ರ ಪಕ್ಕದಲ್ಲಿಟ್ಟು ತೋರಿಸಲು. ಹಣ ಕೇಳುವುದು ಮಾತ್ರ 18ನೇ ಕಲಮಿನಡಿ. ‘ಷರತ್ತಿನ ಪ್ರಕಾರ ಚದರಡಿಗೆ ಐದು ರೂಪಾಯಿ ಕೊಡಿಸಿ’ ಎಂದು ನೀವೇ ಬರೆದುಕೊಟ್ಟರೆ ಎದುರಿನವರು ಸಂತೋಷವಾಗಿ ಒಪ್ಪಿ ಚೆಕ್ ಹಿಡಿದು ಬರುತ್ತಾರೆ.

ಲೆಕ್ಕ ಕಾಗದದ ಮೇಲೆ ಹಾಕಿದೆವು. 2023ರ ಜುಲೈ ಹೊತ್ತಿನ ದರ ಹಿಡಿದು ಶೇಕಡಾ 10.75 ಎಂದಿಟ್ಟುಕೊಂಡೆವು. ಅರ್ಜಿ ಹಾಕುವಾಗ ಸ್ಟೇಟ್ ಬ್ಯಾಂಕಿನ ತಾಣದ ಪಟ್ಟಿ ನೋಡಿ ತಿದ್ದಿಕೊಳ್ಳಬೇಕು. 48 ಲಕ್ಷಕ್ಕೆ ತಿಂಗಳ ಬಡ್ಡಿ 43,000, ಹದಿನೆಂಟು ತಿಂಗಳಿಗೆ 7,74,000. ಆಮೇಲೆ ಕಟ್ಟಿದ 6 ಲಕ್ಷಕ್ಕೆ ಹನ್ನೆರಡು ತಿಂಗಳಷ್ಟೇ, 64,500. ಒಟ್ಟು 8,38,500. ಎಲ್ಲ ಸರಳ ಬಡ್ಡಿ, ಚಕ್ರಬಡ್ಡಿಯಲ್ಲ. ಪ್ರತಿ ಕಂತಿಗೂ ಅದು ಬಿಲ್ಡರಿನ ಖಾತೆ ಸೇರಿದ ದಿನದಿಂದ ಎಣಿಸಬೇಕು. ಗಡುವಿಗೆ ಮೊದಲೇ ಸೇರಿದ್ದಾದರೆ ಗಡುವಿನ ಮರುದಿನದಿಂದ. ಬ್ಯಾಂಕ್ ನೇರವಾಗಿ ಬಿಲ್ಡರಿಗೆ ಕೊಟ್ಟದ್ದೂ ಕೊಂಡವರದೇ ಹಣ. ಮೇಷ್ಟ್ರು ಬ್ಯಾಂಕಿಗೆ ಕಟ್ಟಿದ ಇಎಂಐ ಬಡ್ಡಿಯನ್ನೂ ಸೇರಿಸಲು ಹೊರಟಿದ್ದರು. ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಈ ಪಟ್ಟಿಗೆ ರೇರಾದಲ್ಲಿ ಮೆಮೋ ಆಫ್ ಕ್ಯಾಲ್ಕುಲೇಷನ್ ಅನ್ನುತ್ತಾರೆ. ಅರ್ಜಿಯಲ್ಲಿ ಎಷ್ಟೇ ಚೆನ್ನಾಗಿ ವಾದ ಬರೆದಿದ್ದರೂ ಈ ಪಟ್ಟಿಯನ್ನು ರಸೀದಿಗಳ ಜೊತೆ ತಾಳೆ ಹಾಕಿ ಕೊಡದಿದ್ದರೆ ಆದೇಶದಲ್ಲಿ ಮೊತ್ತ ಬರುವುದು ಕಷ್ಟ.

ಬಿಲ್ಡರ್ ಉತ್ತರ ಏನಿರುತ್ತದೆ ಎನ್ನುವುದು ಅವರು ಹಿಂದೆ ಬರೆದ ಮೇಲ್‌ಗಳಲ್ಲೇ ಸಿಕ್ಕಿತು. ಮೊದಲನೆಯದು ಮಳೆ. ಜಾಸ್ತಿ ಮಳೆಯಿಂದ ಮೂರು ತಿಂಗಳು ಕೆಲಸ ನಿಂತಿತು, ಆದ್ದರಿಂದ ಫೋರ್ಸ್ ಮಜೂರ್, ಅಂದರೆ ಕೈಮೀರಿದ ಘಟನೆ ಎಂದು. ಮೈಸೂರಿನ ಮಳೆಯ ಬಗ್ಗೆ ಸೋಮವಾರಪೇಟೆಯವರಿಗೆ ದೂರು ಹೇಳಿದ ಧೈರ್ಯವನ್ನು ಮೆಚ್ಚಬೇಕು. ಮೇಷ್ಟ್ರ ಹೆಂಡತಿ ಕಣದಿಂದಲೇ ನಕ್ಕರು. ಅಗ್ರಿಮೆಂಟಿನ ಫೋರ್ಸ್ ಮಜೂರ್ ಷರತ್ತಿನಲ್ಲಿ ಮರಳು ಸಿಗದಿರುವುದು, ಕೂಲಿಯವರ ಕೊರತೆ, ಅನುಮತಿ ತಡ, ಎಲ್ಲವನ್ನೂ ತುಂಬಿದ್ದರು. ಕಾಯ್ದೆಯ 6ನೇ ಕಲಮಿನ ಪಟ್ಟಿ ಬಹಳ ಚಿಕ್ಕದು: ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ ಅಥವಾ ಕೆಲಸವನ್ನು ತಡೆಯುವ ಬೇರೆ ಪ್ರಕೃತಿ ವಿಕೋಪ. ಪ್ರತಿ ವರ್ಷ ಬರುವ ಮುಂಗಾರು ಅದರಲ್ಲಿಲ್ಲ. 2021ರ ನ್ಯೂಟೆಕ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕರಾರಿನ ದಿನಕ್ಕೆ ಫ್ಲ್ಯಾಟ್ ಸಿಗದಿದ್ದರೆ ಅನಿರೀಕ್ಷಿತ ಘಟನೆ ಏನೇ ಇರಲಿ ಕೊಂಡವರ ಹಕ್ಕು ಹಾಗೆಯೇ ಉಳಿಯುತ್ತದೆ ಎಂದಿದೆ.

ಎರಡನೆಯದು ಕಂತಿನ ತಡ. ಒಂದು ಸ್ಲ್ಯಾಬಿನ ಹಣವನ್ನು ಬ್ಯಾಂಕ್ 22 ದಿನ ತಡವಾಗಿ ಬಿಡುಗಡೆ ಮಾಡಿತ್ತು. ಇದು ನಿಜ, ಮುಚ್ಚಿಡಬಾರದು. ಆದರೆ ಅದಕ್ಕೆ ಬಿಲ್ಡರ್ ಶೇಕಡಾ 18ರಂತೆ ಬಡ್ಡಿ ಹಾಕಿ, ವಸೂಲು ಮಾಡಿ, ರಸೀದಿಯನ್ನೂ ಕೊಟ್ಟಿದ್ದರು. ಆ ರಸೀದಿ ಫೈಲಿನಲ್ಲಿದ್ದ ಅತಿ ಬೆಲೆಬಾಳುವ ಕಾಗದ. ತಡಕ್ಕೆ ದಂಡ ತೆಗೆದುಕೊಂಡಾಗಿದೆ, ಅದೇ ತಡವನ್ನು ಮತ್ತೆ ನೆಪವಾಗಿ ತರಲಾಗದು ಎನ್ನುವುದಕ್ಕೂ, ದರದ ತಾರತಮ್ಯಕ್ಕೂ ಒಂದೇ ಸಾಕ್ಷಿ.

ಮೂರನೆಯದು ಹೆಚ್ಚು ಅಪಾಯದ್ದು. 2024ರ ಮಾರ್ಚಿನಲ್ಲಿ ‘ಇಂಟೀರಿಯರ್ ಕೆಲಸ ಶುರು ಮಾಡಿಕೊಳ್ಳಿ’ ಎಂದು ಕೀ ಕೊಟ್ಟಿದ್ದರು. ಅದನ್ನೇ ಸ್ವಾಧೀನ ಎಂದು ಒಪ್ಪಿದರೆ 18 ತಿಂಗಳು ಒಂಬತ್ತಾಗುತ್ತದೆ. ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಸಿಕ್ಕಿದ್ದು ಡಿಸೆಂಬರಿನಲ್ಲಿ. ಓಸಿ ಇಲ್ಲದೆ ಕೊಟ್ಟ ಕೀ ಕಾನೂನಿನ ಕಣ್ಣಿಗೆ ಸ್ವಾಧೀನವಲ್ಲ, ಹಾಗಾಗಿ ಓಸಿಯ ಪ್ರತಿಯನ್ನು ಅರ್ಜಿಗೆ ತಗುಲಿಸಲೇಬೇಕು. ಮಾರ್ಚಿನ ಪತ್ರದಲ್ಲೂ ‘ಫಿಟ್‌ಔಟ್‌ಗೆ ಮಾತ್ರ’ ಎಂಬ ಸಾಲು ಇತ್ತು, ಅದಕ್ಕೆ ಅಡಿಗೆರೆ ಎಳೆದೆವು.

ಡಿಸೆಂಬರ್ 31ರಂದು ಕೀ ಕೊಡುವಾಗ ಒಂದು ಮುಚ್ಚಳಿಕೆಗೂ ಸಹಿ ಹಾಕಿಸಿಕೊಂಡಿದ್ದರು: ‘ತಡದ ಬಗ್ಗೆ ನನ್ನ ಯಾವ ಬೇಡಿಕೆಯೂ ಇಲ್ಲ’. ಮೇಷ್ಟ್ರು ಸಹಿಯ ಪಕ್ಕ ಕೈಬರಹದಲ್ಲಿ ‘ಆಕ್ಷೇಪಣೆಯೊಂದಿಗೆ’ ಎಂದು ಬರೆದಿದ್ದರು. ಹೆಡ್‌ಮಾಸ್ಟರಿಕೆ ಮಾಡಿದವರ ಅಭ್ಯಾಸ ಅದು. ಹಾಗೆ ಬರೆಯದಿದ್ದವರಿಗೂ ದಾರಿ ಮುಚ್ಚಿಲ್ಲ. ಕ್ರಯಪತ್ರ ಮಾಡಿಸಿಕೊಂಡ ಮಾತ್ರಕ್ಕೆ ತಡದ ಪರಿಹಾರದ ಹಕ್ಕು ಹೋಗುವುದಿಲ್ಲ ಎಂದು ಮೇಲೆ ಹೇಳಿದ 2020ರ ತೀರ್ಪಿನಲ್ಲೇ ಇದೆ.

ಎಲ್ಲಿ ಹಾಕುವುದು ಎನ್ನುವುದಕ್ಕೆ ಕೊಡಗಿನವರಿಗೆ ಒಂದು ಅನುಕೂಲವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಫ್ಲ್ಯಾಟ್ ಮೈಸೂರಿನಲ್ಲಿದ್ದರೂ ಮಡಿಕೇರಿ ಸಾಕು. ಆದರೆ ಜಿಲ್ಲಾ ಆಯೋಗದ ಮಿತಿ ಕೊಟ್ಟ ಹಣ 50 ಲಕ್ಷದವರೆಗೆ. ಮೇಷ್ಟ್ರದು 54 ಲಕ್ಷ, ಬೆಂಗಳೂರಿನ ರಾಜ್ಯ ಆಯೋಗಕ್ಕೇ ಹೋಗಬೇಕು. ಹಾಗಿದ್ದ ಮೇಲೆ ದರ ನಿಗದಿಯಾಗಿರುವ ರೇರಾವೇ ಮೇಲು. ಎರಡೂ ಕಡೆ ಒಟ್ಟಿಗೆ ಹಾಕುವಂತಿಲ್ಲ.

ರೇರಾದಲ್ಲೂ ಒಂದು ಕವಲಿದೆ. ತಡದ ಬಡ್ಡಿ ಕೇಳುವುದು ಪ್ರಾಧಿಕಾರದ ಮುಂದೆ, ಫಾರಂ ಎನ್‌ನಲ್ಲಿ. ಬಡ್ಡಿಯ ಹೊರತಾದ ಪರಿಹಾರ, ಉದಾಹರಣೆಗೆ ಆ ಕಾಲದಲ್ಲಿ ಮಗ ಮೈಸೂರಿನಲ್ಲಿ ಕಟ್ಟಿದ ಬಾಡಿಗೆ, ತೀರ್ಮಾನಿಸುವುದು ನ್ಯಾಯನಿರ್ಣಯಾಧಿಕಾರಿ, ಫಾರಂ ಓ ಮೂಲಕ. ಎರಡನ್ನೂ ಒಂದರಲ್ಲೇ ತುರುಕಿದರೆ ಬಾಡಿಗೆಯ ಭಾಗವನ್ನು ‘ಬೇರೆ ಅರ್ಜಿ ಹಾಕಿ’ ಎಂದು ಬಿಟ್ಟುಬಿಡುತ್ತಾರೆ.

ಅರ್ಜಿಗೆ ಮೊದಲು ಬಿಲ್ಡರಿಗೆ ನೋಟಿಸು ಸಿದ್ಧವಾಯಿತು, ಸ್ಪೀಡ್ ಪೋಸ್ಟಿಗೂ ಮೇಲ್‌ಗೂ. ಅದರ ಮುಖ್ಯ ಸಾಲು ಹೀಗಿತ್ತು: ‘ಕರಾರಿನ ಸ್ವಾಧೀನ ಷರತ್ತಿನಂತೆ, ಗ್ರೇಸ್ ಅವಧಿಯೂ ಸೇರಿ 30.06.2023ರೊಳಗೆ ನೀಡಬೇಕಿದ್ದ ಫ್ಲ್ಯಾಟನ್ನು ಓಸಿ ಸಹಿತ ನೀಡಿದ್ದು 31.12.2024ರಂದು. ಈ ಅವಧಿಗೆ ಕಾಯ್ದೆಯ 18ನೇ ಕಲಮಿನಂತೆ ಬಡ್ಡಿ ರೂ. 8,38,500 ಅನ್ನು 30 ದಿನದೊಳಗೆ ಪಾವತಿಸಿ. ಲೆಕ್ಕದ ಪಟ್ಟಿ ಲಗತ್ತಿಸಿದೆ.’ ಬೈಗುಳ ಇಲ್ಲ, ಮಾನಸಿಕ ಹಿಂಸೆಯ ಮಾತೂ ಇಲ್ಲ.

“ಆದೇಶ ಬಂದ ಮೇಲೂ ಕೊಡದಿದ್ದರೆ?” ಎಂದು ಮೇಷ್ಟ್ರು ಕೇಳಿದರು. ಬಿಲ್ಡರ್ ಮೇಲ್ಮನವಿಗೆ ಹೋಗಬೇಕಾದರೆ 43ನೇ ಕಲಂ ಪ್ರಕಾರ ಬಡ್ಡಿ ಸಮೇತ ಪೂರ್ತಿ ಮೊತ್ತವನ್ನು ಮೊದಲೇ ಠೇವಣಿ ಇಡಬೇಕು. ಹೋಗದೆ ಸುಮ್ಮನಿದ್ದರೆ 40ನೇ ಕಲಮಿನಡಿ ಭೂಕಂದಾಯ ಬಾಕಿಯಂತೆ ವಸೂಲಿಗೆ ಅರ್ಜಿ ಹಾಕಬೇಕು. ಅದರ ಮೇಲೆ ಹೊರಡುವ ವಸೂಲಾತಿ ಪತ್ರ ಬಿಲ್ಡರಿನ ಆಸ್ತಿ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುತ್ತದೆ. ನಿಜವಾದ ವಿಳಂಬ ಇರುವುದು ಇಲ್ಲೇ. ತಹಶೀಲ್ದಾರರ ಕಚೇರಿಗೆ ಬಿಲ್ಡರಿನ ಯಾವ ಆಸ್ತಿ ಎಲ್ಲಿದೆ ಎಂದು ಹುಡುಕಿಕೊಡುವವರು ಯಾರೂ ಇರುವುದಿಲ್ಲ. ಅದಕ್ಕೇ ಅದೇ ಯೋಜನೆಯಲ್ಲಿ ಇನ್ನೂ ಮಾರಾಟವಾಗದೆ ಬಿಲ್ಡರ್ ಹೆಸರಿನಲ್ಲಿರುವ ಫ್ಲ್ಯಾಟುಗಳ ನಂಬರನ್ನು ರೇರಾ ತಾಣದಿಂದ ಈಗಲೇ ಇಳಿಸಿ, ಫೈಲಿನ ಕೊನೆಗೆ ಪಿನ್ ಮಾಡಿ ಕೊಟ್ಟೆವು.