ಹೋಲ್ಡ್ ಶೇಕಡಾವಾರಿನಿಂದ ಟೈಬ್ರೇಕ್‌ನ ನ್ಯಾಯವಾದ ದರ

“ಇಬ್ಬರು ಟೆನಿಸ್ ಆಟಗಾರರ ಸರ್ವ್ ಹೋಲ್ಡ್ ಶೇಕಡಾ, ಅಂದರೆ ತಾವು ಸರ್ವ್ ಮಾಡಿದ ಗೇಮ್‌ಗಳಲ್ಲಿ ಎಷ್ಟು ಗೆಲ್ಲುತ್ತಾರೆ ಎಂಬುದು, ಗೊತ್ತಿದೆ. ಸೆಟ್ 6-6 ಆಗಿ ಟೈಬ್ರೇಕ್‌ಗೆ ಹೋಗುತ್ತದೆ ಎಂಬ ಬೆಟ್‌ಗೆ 3.50 ದರ ಕೊಡುತ್ತಿದ್ದಾರೆ. ಅದು ಒಳ್ಳೆಯ ದರವೇ?”

ಮೊದಲ ಆಟಗಾರನು ತನ್ನ ಸರ್ವ್ ಗೇಮ್‌ಗಳಲ್ಲಿ 90%, ಎರಡನೆಯವನು 80% ಉಳಿಸಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳೋಣ. ಹಲವರು ಹನ್ನೆರಡು ಗೇಮ್‌ಗಳನ್ನೂ ಸರ್ವ್ ಮಾಡಿದವರೇ ಗೆಲ್ಲಬೇಕೆಂದು ಭಾವಿಸಿ, 0.9 ಮತ್ತು 0.8ರ ಗುಣಲಬ್ಧವಾದ 0.72ರ ಆರನೇ ಘಾತ ತೆಗೆದು, ಸುಮಾರು 14% ಎಂಬ ಉತ್ತರಕ್ಕೆ ಬರುತ್ತಾರೆ. ಇದು ತಪ್ಪು, ಏಕೆಂದರೆ ಇಬ್ಬರೂ ಸಮ ಸಂಖ್ಯೆಯಲ್ಲಿ ಬ್ರೇಕ್ ಮಾಡಿದರೂ, ಅಂದರೆ ಎದುರಾಳಿಯ ಸರ್ವ್ ಗೇಮ್‌ಗಳನ್ನು ಗೆದ್ದರೂ, ಸ್ಕೋರ್ 6-6 ಆಗುತ್ತದೆ.

ಆದ್ದರಿಂದ ಮೊದಲು 5-5ರವರೆಗೆ ಲೆಕ್ಕ ಹಾಕಬೇಕು. ಒಂದೂ ಬ್ರೇಕ್ ಇಲ್ಲದೆ ಅಲ್ಲಿಗೆ ತಲುಪುವ ಸಂಭವ 0.72ರ ಐದನೇ ಘಾತ, ಅಂದರೆ 19.3%. ಇಬ್ಬರೂ ಒಂದೊಂದು ಸಲ ಸರ್ವ್ ಕಳೆದುಕೊಳ್ಳುವುದಾದರೆ, ಒಬ್ಬೊಬ್ಬರ ಐದು ಗೇಮ್‌ಗಳಲ್ಲಿ ಯಾವುದು ಎಂಬುದರ ಪ್ರಕಾರ 25 ರೀತಿಗಳಿದ್ದು, ಅವು ಒಟ್ಟಾಗಿ 13.4% ಕೊಡುತ್ತವೆ. ಎರಡೆರಡು ಬ್ರೇಕ್‌ಗಳಿಂದ ಇನ್ನೂ 1.5% ಸೇರುತ್ತದೆ, ಅದಕ್ಕಿಂತ ಹೆಚ್ಚಿನವು ಅತ್ಯಲ್ಪ. ಒಟ್ಟು 34.3%.

5-5 ಆದ ಮೇಲೂ ಸೆಟ್ ಟೈಬ್ರೇಕ್‌ಗೆ ಹೋಗಲೇಬೇಕೆಂದಿಲ್ಲ. 2009ರ ವಿಂಬಲ್ಡನ್ ಫೈನಲ್‌ನ ಮೊದಲ ಸೆಟ್‌ನಲ್ಲಿ ರಾಡಿಕ್ ಅವರು ಫೆಡರರ್ ಅವರ ಸರ್ವ್ ಮುರಿದು 7-5ಕ್ಕೆ ಮುಗಿಸಿದ್ದರು. ಮುಂದಿನ ಎರಡು ಗೇಮ್‌ಗಳಲ್ಲಿ ಇಬ್ಬರೂ ಹೋಲ್ಡ್ ಮಾಡಬೇಕು (0.72) ಅಥವಾ ಇಬ್ಬರೂ ಬ್ರೇಕ್ ಆಗಬೇಕು (0.02). 34.3%ನ್ನು 0.74ರಿಂದ ಗುಣಿಸಿದಾಗ 25.4% ಸಿಗುತ್ತದೆ, 1ನ್ನು ಇದರಿಂದ ಭಾಗಿಸಿದರೆ ನ್ಯಾಯವಾದ ದರ 3.94. 3.50 ದರದಲ್ಲಿ ನೂರು ರೂಪಾಯಿ ಬೆಟ್‌ಗೆ, ಗೆದ್ದಾಗ 350 ರೂಪಾಯಿ ಬಂದರೂ, ಸರಾಸರಿ 89 ರೂಪಾಯಿಯಷ್ಟೇ ಮರಳುವುದರಿಂದ ಅದು ಕೆಟ್ಟ ದರ. ಮೊದಲನೆಯವನು ನಿಖರವಾಗಿ 7-6ರಿಂದ ಗೆಲ್ಲುತ್ತಾನೆ ಎಂಬ ಬೆಟ್ ಬೇರೆಯದು: ಟೈಬ್ರೇಕ್‌ನಲ್ಲಿ ಅವನ ಗೆಲುವಿನ ಸಂಭವ ಸುಮಾರು 60% ಆದ್ದರಿಂದ ಅದರ ಸಂಭವ ಸರಿಸುಮಾರು 15% ಮಾತ್ರ.

ನನಗೆ ಮುಖ್ಯವೆನಿಸುವುದು ಇಬ್ಬರ ನಡುವಿನ ಅಂತರ. ಇಬ್ಬರೂ 80% ಆದರೆ ಟೈಬ್ರೇಕ್ ಸಂಭವ 21.7%, ಒಬ್ಬ 90%, ಇನ್ನೊಬ್ಬ 70% ಆದರೆ ಸರಾಸರಿ ಅದೇ ಇದ್ದರೂ ಅದು 15.9%ಕ್ಕೆ ಇಳಿಯುತ್ತದೆ. ಇಬ್ಬರೂ 90% ಇದ್ದರೆ 37.9%ಕ್ಕೆ ಏರುತ್ತದೆ. ಒಟ್ಟು ಸರ್ವ್ ಬಲವನ್ನಷ್ಟೇ ನೋಡಿ ಬೆಟ್ ಕಟ್ಟುವವರು ಇಲ್ಲಿಯೇ ಎಡವುತ್ತಾರೆ.

ಆದರೆ ಆ 90% ಎಲ್ಲಿಂದ ಬಂತು ಎಂಬುದು ಲೆಕ್ಕಕ್ಕಿಂತ ದೊಡ್ಡ ಪ್ರಶ್ನೆ. ಅದು ಎಲ್ಲ ಎದುರಾಳಿಗಳ ವಿರುದ್ಧದ, ಎಲ್ಲ ಅಂಕಣಗಳ ಸರಾಸರಿಯಾಗಿದ್ದರೆ, ಹುಲ್ಲಿನ ಅಂಕಣಕ್ಕೂ ಮಣ್ಣಿನ ಅಂಕಣಕ್ಕೂ ಒಂದೇ ಸಂಖ್ಯೆ ಬಳಸಿದಂತಾಗುತ್ತದೆ. ಎದುರಾಳಿ ಉಳಿದವರಿಗಿಂತ ನಾಲ್ಕು ಶೇಕಡಾ ಹೆಚ್ಚು ಬ್ರೇಕ್ ಮಾಡುವವನಾದರೆ ನಾನು ಆ 90ನ್ನು 86ಕ್ಕೆ ಇಳಿಸಿಯೇ ಲೆಕ್ಕ ಆರಂಭಿಸುತ್ತೇನೆ. ನಮ್ಮ ಉದಾಹರಣೆಯಲ್ಲಿ ಆಗ ಸಂಭವ 24.2% ಆಗುತ್ತದೆ, ನ್ಯಾಯವಾದ ದರ 4.14ಕ್ಕೆ ಏರುತ್ತದೆ.