ಒಂದೇ ಆ್ಯಪ್ ಮೌನವಾದ ದಿನ

ಅಕ್ಕ ಬೆಳಗಿನಿಂದ ಕಳುಹಿಸಿದ್ದ ಆರು ಸಂದೇಶಗಳಲ್ಲಿ ಒಂದೂ ನನ್ನ ಕಿವಿಗೆ ಬೀಳಲಿಲ್ಲ. ಕೊನೆಗೆ ಅವಳೇ ಕರೆ ಮಾಡಿ, "ಏನೋ, ಫೋನ್ ಎಲ್ಲಿಟ್ಟಿದ್ದೀಯ?" ಎಂದು ಕೇಳಿದಾಗ ಅದು ನನ್ನ ಮೇಜಿನ ಮೇಲೆಯೇ ಇತ್ತು. ಕರೆ ಮೊಳಗಿತು, ಇಮೇಲ್ ಬಂದಾಗಲೂ ಸದ್ದಾಗುತ್ತಿತ್ತು. ಹಾಗಾಗಿ ವಾಲ್ಯೂಮ್ ಅಥವಾ 'ಡು ನಾಟ್ ಡಿಸ್ಟರ್ಬ್' ಮೇಲೆ ತಪ್ಪು ಹೊರಿಸುವಂತಿರಲಿಲ್ಲ.

ಸಂದೇಶದ ಆ್ಯಪ್‌ನೊಳಗೆ ಹೋಗಿ ನೋಡಿದರೆ ಅಲ್ಲಿ ಧ್ವನಿ ಆನ್ ಆಗಿಯೇ ಇತ್ತು. ಫೋನನ್ನು ಆರಿಸಿ ಮತ್ತೆ ಹಚ್ಚಿದೆ, ಆ್ಯಪ್‌ನ ಕ್ಯಾಶೆ ಅಳಿಸಿದೆ. ಎರಡೂ ವ್ಯರ್ಥ ಕೆಲಸಗಳೆಂದು ಆಮೇಲೆ ತಿಳಿಯಿತು. ವಿಚಿತ್ರವೆಂದರೆ, ಅದೇ ಆ್ಯಪ್‌ನಲ್ಲಿ ಗುಂಪಿನ ಸಂದೇಶ ಬಂದಾಗ ಫೋನ್ ಸದ್ದು ಮಾಡಿತು. ಅಲ್ಲಿಗೆ ನನ್ನ ಪ್ರಶ್ನೆ ಬದಲಾಯಿತು: ಮೌನವಾಗಿದ್ದದ್ದು ಇಡೀ ಆ್ಯಪ್ ಅಲ್ಲ, ಅದರ ಒಂದು ಭಾಗ ಮಾತ್ರ.

2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈಚೆಗೆ ಪ್ರತಿ ಆ್ಯಪ್ ತನ್ನ ನೋಟಿಫಿಕೇಶನ್‌ಗಳನ್ನು ಚಾನೆಲ್‌ಗಳಾಗಿ ವಿಂಗಡಿಸಿ ವ್ಯವಸ್ಥೆಗೆ ಒಪ್ಪಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇವೇ 'ಕೆಟಗರಿ'ಗಳೆಂಬ ಹೆಸರಿನಲ್ಲಿ ಕಾಣಿಸುವುದುಂಟು. ವೈಯಕ್ತಿಕ ಸಂದೇಶಕ್ಕೊಂದು, ಗುಂಪಿಗೊಂದು, ಕರೆಗೊಂದು ಎಂದು ಹಂಚಿಹೋದ ಈ ಚಾನೆಲ್‌ಗಳಿಗೆ ಪ್ರತ್ಯೇಕ ಧ್ವನಿ, ಪ್ರತ್ಯೇಕ ಪ್ರಾಮುಖ್ಯ. ಚಾನೆಲ್ ಒಮ್ಮೆ ರಚನೆಯಾದ ಮೇಲೆ ಅದರ ಧ್ವನಿಯನ್ನು ಬದಲಿಸುವ ಅಧಿಕಾರ ಆ್ಯಪ್‌ಗೆ ಇರುವುದಿಲ್ಲ, ಬಳಕೆದಾರನಿಗೆ ಮಾತ್ರ ಇರುತ್ತದೆ. ಈ ಆಯ್ಕೆಯನ್ನು ಕಾಪಾಡಿಕೊಳ್ಳುವುದು ಆ್ಯಪ್ ಅಲ್ಲ, ಫೋನಿನ ವ್ಯವಸ್ಥೆ. ಆದ್ದರಿಂದಲೇ ಆ್ಯಪ್‌ನೊಳಗಿನ ಸ್ವಿಚ್ಚಾಗಲಿ ಕ್ಯಾಶೆ ಅಳಿಸುವುದಾಗಲಿ ಅದನ್ನು ಮುಟ್ಟಲಿಲ್ಲ.

ಅಕ್ಕನಿಗೆ ಇನ್ನೊಂದು ಸಂದೇಶ ಕಳುಹಿಸಲು ಹೇಳಿ, ನೋಟಿಫಿಕೇಶನ್ ಪರದೆಯನ್ನು ಕೆಳಗೆಳೆದೆ. ಅವಳ ಸಂದೇಶ ಪಟ್ಟಿಯ ತಳದಲ್ಲಿ, Silent ಎಂಬ ಶೀರ್ಷಿಕೆಯ ಕೆಳಗೆ ಸದ್ದಿಲ್ಲದೆ ಕುಳಿತಿತ್ತು. ಮೊದಲೇ ಅಲ್ಲಿ ಕಣ್ಣು ಹಾಯಿಸಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು. ಅದನ್ನು ಒತ್ತಿ ಹಿಡಿದಾಗ ತೆರೆದ ಸಣ್ಣ ಕಿಟಕಿಯಲ್ಲಿ Silent ಆಯ್ಕೆಯಾಗಿತ್ತು. ಹಿಂದಿನ ರಾತ್ರಿ ನೋಟಿಫಿಕೇಶನ್‌ಗಳನ್ನು ಸರಿಸಿ ಹಾಕುವ ಅವಸರದಲ್ಲಿ ನನ್ನ ಬೆರಳೇ ಅಲ್ಲಿ ತಗುಲಿದ್ದಿರಬೇಕು. ಒಂದು ಸಂದೇಶದ ಮೇಲೆ ಮಾಡಿದ ಆಯ್ಕೆ ಆ ಚಾನೆಲ್‌ನಲ್ಲಿ ಬರುವ ಎಲ್ಲಕ್ಕೂ ಅನ್ವಯವಾಗಿತ್ತು.

Default ಒತ್ತಿದೆ. ಬಳಿಕ ಆ್ಯಪ್‌ನ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ ವೈಯಕ್ತಿಕ ಸಂದೇಶದ ಚಾನೆಲ್ ತೆರೆದು, ಅದರ ಧ್ವನಿಯ ಸಾಲಿನಲ್ಲಿ None ಎಂದು ಇಲ್ಲದಿರುವುದನ್ನೂ ಖಚಿತಪಡಿಸಿಕೊಂಡೆ, ಏಕೆಂದರೆ ಪ್ರಾಮುಖ್ಯ ಸರಿಯಿದ್ದರೂ ಅಲ್ಲಿ ಧ್ವನಿಯೇ ಇಲ್ಲದಿದ್ದರೆ ಫೋನ್ ಸದ್ದು ಮಾಡದು. ಕೆಲವು ಫೋನ್‌ಗಳಲ್ಲಿ ಈ ಕೆಟಗರಿಗಳ ಪಟ್ಟಿಯೇ ಮರೆಯಾಗಿರುತ್ತದೆ. ನೋಟಿಫಿಕೇಶನ್‌ಗಳ ಸುಧಾರಿತ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಮೊದಲು ಆನ್ ಮಾಡಬೇಕಾಗುತ್ತದೆ.

ಅಕ್ಕನ ಎಂಟನೆಯ ಸಂದೇಶಕ್ಕೆ ಫೋನ್ ಮೊಳಗಿತು. ಅದರಲ್ಲಿ ಇದ್ದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ.